ಗಜನಿ ಕೆಸರಿನ ಬಾಟಲಿಯಲ್ಲಿ ಬಂದ ನೇರಳೆ ಪಟ್ಟಿ ಯಾವ ಗುಂಪಿನದು?

ಪ್ರಶ್ನೆ: ಸರ್, ನಾನು ಕುಮಟಾ ಕಡೆಯವಳು. ಬಿಎಸ್ಸಿ ಎರಡನೇ ವರ್ಷ. ಅಘನಾಶಿನಿ ಹೊಳೆ ದಂಡೆಯಲ್ಲಿ ಉಬ್ಬರದ ನೀರು ನುಗ್ಗುವ ನಮ್ಮ ಗಜನಿ ಗದ್ದೆಯಿಂದ ಕೆಸರು ತಂದು, ಪೇಪರ್ ಚೂರು, ಸ್ವಲ್ಪ ಜಿಪ್ಸಂ ಬೆರೆಸಿ ಬಾಟಲಿಗೆ ತುಂಬಿ ಕಿಟಕಿ ಹತ್ತಿರ ಇಟ್ಟಿದ್ದೆ. ಆರೇಳು ವಾರಕ್ಕೆ ಮೇಲೆ ಹಸಿರು, ನಡುವೆ ನೇರಳೆ ಪಟ್ಟಿ, ತಳ ಪೂರ್ತಿ ಕಪ್ಪು. ನೇರಳೆ ಬ್ಯಾಕ್ಟೀರಿಯಾ ಫೋಟೋಟ್ರೋಫ್ ಎಂದು ಒಬ್ಬರು ಮೇಡಂ ಹೇಳಿದರು. ಲ್ಯಾಬಿನ ಇನ್ನೊಬ್ಬರು ಸರ್ ಲಿಥೋಟ್ರೋಫ್ ಅಂದರು. ಪುಸ್ತಕದಲ್ಲಿ ಆಟೋಟ್ರೋಫ್ ಅಂತಿದೆ. ಯಾವುದು ಸರಿ?

ಉತ್ತರ:

ಮೂರೂ ಸರಿ ಇರಬಹುದು. ನಿಮ್ಮ ಮೇಡಂ ಒಂದು ಪ್ರಶ್ನೆಗೆ ಉತ್ತರ ಹೇಳಿದ್ದಾರೆ, ಸರ್ ಇನ್ನೊಂದಕ್ಕೆ, ಪುಸ್ತಕ ಮೂರನೆಯದಕ್ಕೆ. ಜಗಳ ಹುಟ್ಟುವುದು ಈ ಮೂರು ಪ್ರಶ್ನೆಗಳನ್ನು ಒಂದೇ ಎಂದುಕೊಂಡಾಗ. ಆದರೆ "ಇರಬಹುದು" ಎಂದು ಸುಮ್ನೆ ಹೇಳಿಲ್ಲ. ನಿಮ್ಮ ಪಟ್ಟಿಯ ಬಗ್ಗೆ ಇನ್ನೂ ಒಂದೆರಡು ವಿಷಯ ನೋಡದೆ ಪೂರ್ತಿ ಹೆಸರು ಕೊಡಲು ಆಗುವುದಿಲ್ಲ.

ಮೊದಲು ಆ ಮೂರು ಪ್ರಶ್ನೆ. ಜೀವಿಗೆ ಶಕ್ತಿ ಎಲ್ಲಿಂದ? ಬೆಳಕಿನಿಂದಾದರೆ ಫೋಟೋಟ್ರೋಫ್, ರಾಸಾಯನಿಕ ಕ್ರಿಯೆಯಿಂದಾದರೆ ಕೀಮೋಟ್ರೋಫ್. ಎಲೆಕ್ಟ್ರಾನ್ ಎಲ್ಲಿಂದ? ಹೈಡ್ರೋಜನ್ ಸಲ್ಫೈಡ್, ಅಮೋನಿಯಾ, ಹೈಡ್ರೋಜನ್, ಕಬ್ಬಿಣ ಅಥವಾ ನೀರಿನಂತಹ ನಿರವಯವ ವಸ್ತುವಿನಿಂದಾದರೆ ಲಿಥೋಟ್ರೋಫ್, ಸಕ್ಕರೆ, ಲ್ಯಾಕ್ಟೇಟ್‌ನಂತಹ ಸಾವಯವ ವಸ್ತುವಿನಿಂದಾದರೆ ಆರ್ಗನೋಟ್ರೋಫ್. ಮೈ ಕಟ್ಟಲು ಇಂಗಾಲ ಎಲ್ಲಿಂದ? ಇಂಗಾಲದ ಡೈಆಕ್ಸೈಡ್‌ನಿಂದಾದರೆ ಆಟೋಟ್ರೋಫ್, ಬೇರೆಯವರು ಮಾಡಿಟ್ಟ ಸಾವಯವ ವಸ್ತುವಿನಿಂದಾದರೆ ಹೆಟಿರೋಟ್ರೋಫ್. ಮೂರು ಉತ್ತರಗಳನ್ನು ಸಾಲಾಗಿ ಜೋಡಿಸಿದರೆ ಫೋಟೋಲಿಥೋಆಟೋಟ್ರೋಫ್ ಎಂಬಂತಹ ಉದ್ದನೆಯ ಹೆಸರು ಸಿಗುತ್ತದೆ. ಇಂಥ ಹೆಸರುಗಳಿಗೆ ಒಂದು ಕ್ರಮ ಕೊಟ್ಟಿದ್ದು 1946ರಲ್ಲಿ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಸೇರಿದ್ದ ವಿಜ್ಞಾನಿಗಳು.

ಶಕ್ತಿ ಮತ್ತು ಇಂಗಾಲ ಬೇರೆ ಬೇರೆ ಲೆಕ್ಕ ಎಂಬುದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ. ಕಾರಣ ನಮ್ಮ ಊಟ. ಗಂಜಿಯಿಂದಲೇ ಶಕ್ತಿ, ಗಂಜಿಯಿಂದಲೇ ಎಲೆಕ್ಟ್ರಾನ್, ಗಂಜಿಯಿಂದಲೇ ಇಂಗಾಲ. ನಮಗೆ ಮೂರೂ ಒಂದೇ ಬಟ್ಟಲಲ್ಲಿ ಬರುತ್ತವೆ. ಬ್ಯಾಕ್ಟೀರಿಯಾಕ್ಕೆ ಹಾಗಲ್ಲ. ಮನೆಯಲ್ಲಿ ಒಲೆಗೆ ಸೌದೆ ಬೇರೆ, ಮಾಡು ಕಟ್ಟಲು ನಾಟಾ ಬೇರೆ, ಅಲ್ವಾ? ಹಾಗೆ ಅವುಗಳಲ್ಲಿ ಉರಿಸುವ ಸಾಮಾನು ಒಂದು ಕಡೆಯಿಂದ, ಕಟ್ಟುವ ಸಾಮಾನು ಇನ್ನೊಂದು ಕಡೆಯಿಂದ ಬರಬಹುದು.

ಈಗ ನಿಮ್ಮ ಬಾಟಲಿ. ನೇರಳೆ ಪಟ್ಟಿ ಅರ್ಥವಾಗಬೇಕಾದರೆ ತಳದಿಂದ ಶುರು ಮಾಡಬೇಕು. ಅಲ್ಲಿ ತಯಾರಾಗುವ ಗ್ಯಾಸ್ ಇಲ್ಲದಿದ್ದರೆ ಆ ಪಟ್ಟಿಯೇ ಬರುತ್ತಿರಲಿಲ್ಲ.

ಬಾಟಲಿ ಮುಚ್ಚಿಟ್ಟ ಮೊದಲ ಕೆಲವೇ ದಿನಗಳಲ್ಲಿ ಕೆಸರಿನ ಒಳಗಿನ ಆಮ್ಲಜನಕ ಖಾಲಿಯಾಗುತ್ತದೆ. ಅದನ್ನು ಉಸಿರಾಡಿ ಮುಗಿಸುವವು ಸಾಮಾನ್ಯ ಕೊಳೆಸುವ ಬ್ಯಾಕ್ಟೀರಿಯಾಗಳು. ಆಮೇಲೆ ಕ್ಲಾಸ್ಟ್ರಿಡಿಯಂನಂತಹವು ನೀವು ಹಾಕಿದ ಪೇಪರಿನ ಸೆಲ್ಯುಲೋಸ್ ಒಡೆದು ಹುಳಿಸುತ್ತವೆ. ಅದರಿಂದ ಅಸಿಟೇಟ್, ಲ್ಯಾಕ್ಟೇಟ್‌ನಂತಹ ಸಣ್ಣ ಆಮ್ಲಗಳು, ಜೊತೆಗೆ ಹೈಡ್ರೋಜನ್ ಬರುತ್ತವೆ. ಈ ಗುಂಪಿನ ಬಗ್ಗೆ ಗೊಂದಲವಿಲ್ಲ. ಅವು ನಮ್ಮ ಹಾಗೇ ಕೀಮೋಆರ್ಗನೋಹೆಟಿರೋಟ್ರೋಫ್.

ಆ ಆಮ್ಲಗಳನ್ನು ತಿನ್ನಲು ಡಿಸಲ್ಫೋವಿಬ್ರಿಯೋ ಮತ್ತು ಅದರ ಸಂಬಂಧಿಗಳು ಕಾದಿರುತ್ತವೆ. ನಾವು ಆಮ್ಲಜನಕ ಉಸಿರಾಡುವ ಕೆಲಸವನ್ನು ಇವು ಸಲ್ಫೇಟ್‌ನಿಂದ ಮಾಡುತ್ತವೆ. ಎಲೆಕ್ಟ್ರಾನ್‌ಗಳನ್ನು ಸಲ್ಫೇಟ್ ಮೇಲೆ ಹೇರಿ ಅದನ್ನು ಹೈಡ್ರೋಜನ್ ಸಲ್ಫೈಡ್ ಮಾಡಿ ಹೊರಗೆ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಅದೇ. ಗಜನಿಯಲ್ಲಿ ಸಲ್ಫೇಟ್‌ಗೆ ಬರವಿಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಉಬ್ಬರದ ನೀರು ಗಜನಿಗೆ ಬಂದಾಗಲೆಲ್ಲ ಅದೂ ಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತಂದ ಕೆಸರಿಗೆ ಜಿಪ್ಸಂ ಬೇಕೇ ಬೇಕು ಅಂತಿಲ್ಲ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ತಂದರೆ, ಅಥವಾ ಶಿರಸಿ ಕಡೆಯ ಕೆರೆಯ ಕೆಸರಿನಲ್ಲಿ ಇದೇ ಪ್ರಯೋಗ ಮಾಡಿದರೆ, ಜಿಪ್ಸಂ ಹಾಕುವುದೇ ಒಳ್ಳೆಯದು. ಇನ್ನು ತಳದ ಕಪ್ಪು ಬಣ್ಣ ಬ್ಯಾಕ್ಟೀರಿಯಾದ್ದಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ. ಹುಟ್ಟಿದ ಸಲ್ಫೈಡ್ ಅದನ್ನು ಹಿಡಿದು ಕಬ್ಬಿಣದ ಸಲ್ಫೈಡ್ ಆಗುತ್ತದೆ. ಕಪ್ಪು ಅದರದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿದ್ಯಾರ್ಥಿಗಳು ಡಿಸಲ್ಫೋವಿಬ್ರಿಯೋವನ್ನು ಕಣ್ಣು ಮುಚ್ಚಿ ಲಿಥೋಟ್ರೋಫ್ ಎಂದು ಬರೆಯುವುದನ್ನು ನಾನು ತುಂಬಾ ನೋಡಿದ್ದೇನೆ. ಸಲ್ಫೇಟ್ ನಿರವಯವ ತಾನೇ, ಅದಕ್ಕೆ ಲಿಥೋಟ್ರೋಫ್ ಎಂಬ ತರ್ಕ. ಆದರೆ ಸಲ್ಫೇಟ್ ಎಲೆಕ್ಟ್ರಾನ್ ಕೊಡುವುದಿಲ್ಲ, ತೆಗೆದುಕೊಳ್ಳುತ್ತದೆ. ಪ್ರಶ್ನೆ ಇರುವುದು ಕೊಡುವವರ ಬಗ್ಗೆ. ಲ್ಯಾಕ್ಟೇಟ್ ಕೊಡುತ್ತಿದ್ದರೆ ಅದು ಆರ್ಗನೋಟ್ರೋಫ್. ಅದೇ ಬ್ಯಾಕ್ಟೀರಿಯಾ ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಪಡೆಯತೊಡಗಿದರೆ ಆಗ ಲಿಥೋಟ್ರೋಫ್. ಆಗಲೂ ಅದು ಆಟೋಟ್ರೋಫ್ ಆಗುವುದಿಲ್ಲ. ಹೈಡ್ರೋಜನ್ ಮೇಲೆ ಬದುಕುವ ಡಿಸಲ್ಫೋವಿಬ್ರಿಯೋ ವಲ್ಗಾರಿಸ್‌ಗೆ ಮೈ ಕಟ್ಟಲು ಅಸಿಟೇಟ್ ಬೇಕು. ಸ್ವಲ್ಪ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಳ್ಳುತ್ತದೆ, ಅದೊಂದರಿಂದಲೇ ಬೆಳೆಯಲಾರದು. ಅಂದರೆ ಕೀಮೋಲಿಥೋಹೆಟಿರೋಟ್ರೋಫ್. ಲಿಥೋಟ್ರೋಫ್ ಎಂದರೆ ಆಟೋಟ್ರೋಫ್ ಎಂದೇ ಅರ್ಥ ಎಂದು ಯಾರಾದರೂ ಹೇಳಿದರೆ ಈ ಹೆಸರು ನೆನಪಿಸಿಕೊಳ್ಳಿ.

ತಳದಲ್ಲಿ ಹುಟ್ಟಿದ ಸಲ್ಫೈಡ್ ಮೇಲಕ್ಕೆ ಏರುತ್ತದೆ. ಮೇಲಿನ ಹಸಿರು ಪದರದ ಸಯನೋಬ್ಯಾಕ್ಟೀರಿಯಾ ಮತ್ತು ಪಾಚಿ ನೀರನ್ನು ಒಡೆದು ಬಿಡುವ ಆಮ್ಲಜನಕ ಕೆಳಗೆ ಇಳಿಯುತ್ತದೆ. ನಡುವೆ ಎಲ್ಲೋ ಒಂದು ಕಡೆ ಆಮ್ಲಜನಕ ಇಲ್ಲ, ಸಲ್ಫೈಡ್ ಇದೆ, ಗಾಜಿನ ಪಕ್ಕದಿಂದ ಬೆಳಕೂ ಬರುತ್ತಿದೆ. ನೇರಳೆ ಗಂಧಕ ಬ್ಯಾಕ್ಟೀರಿಯಾ ಬೆಳೆಯುವುದು ಅಲ್ಲಿ. ಕ್ರೊಮಾಟಿಯಂ ಇವುಗಳಲ್ಲಿ ಹೆಸರುವಾಸಿ. ಶಕ್ತಿಗೆ ಬೆಳಕು, ಎಲೆಕ್ಟ್ರಾನ್‌ಗೆ ಸಲ್ಫೈಡ್, ಇಂಗಾಲಕ್ಕೆ ಇಂಗಾಲದ ಡೈಆಕ್ಸೈಡ್. ಹೀಗಾಗಿ ಮೇಡಂ ಹೇಳಿದ್ದೂ ಸರಿ, ಸರ್ ಹೇಳಿದ್ದೂ ಸರಿ, ಪುಸ್ತಕವೂ ಸರಿ. ಈ ಕ್ರಿಯೆಯನ್ನು 1931ರಲ್ಲಿ ಕಾರ್ನೆಲಿಸ್ ವ್ಯಾನ್ ನೀಲ್ ಹೀಗೆ ಬರೆದು ತೋರಿಸಿದರು:

CO2 + 2H2S → CH2O + H2O + 2S

ಇದರ ಪಕ್ಕದಲ್ಲಿ ಗಿಡದ ಸಮೀಕರಣ ಇಟ್ಟು ನೋಡಿ. H2S ಇರುವಲ್ಲಿ H2O, ಗಂಧಕ ಇರುವಲ್ಲಿ ಆಮ್ಲಜನಕ. ಗಿಡ ಬಿಡುವ ಆಮ್ಲಜನಕ ಬರುವುದು ನೀರಿನಿಂದ, ಇಂಗಾಲದ ಡೈಆಕ್ಸೈಡ್‌ನಿಂದ ಅಲ್ಲ ಎಂದು ವ್ಯಾನ್ ನೀಲ್ ಊಹಿಸಿದ್ದು ಈ ಹೋಲಿಕೆಯಿಂದಲೇ. ಬೆಳಕು ಬಳಸುವ ಎಲ್ಲವೂ ಆಮ್ಲಜನಕ ಬಿಡುತ್ತವೆ ಎಂದು ನಂಬಿಕೊಂಡವರು ಬಹಳ ಜನ ಇದ್ದಾರೆ. ನೇರಳೆ ಪಟ್ಟಿ ಒಂದು ಗುಳ್ಳೆ ಆಮ್ಲಜನಕವನ್ನೂ ಬಿಡುವುದಿಲ್ಲ.

ಪಟ್ಟಿಯ ಕೆಳಗೆ, ಕಪ್ಪಿನ ಅಂಚಿನಲ್ಲಿ ಮಸುಕು ಹಸಿರಿನ ಮಚ್ಚೆಗಳಿವೆಯೇ ನೋಡಿ. ಇದ್ದರೆ ಅವು ಹಸಿರು ಗಂಧಕ ಬ್ಯಾಕ್ಟೀರಿಯಾ, ಕ್ಲೋರೋಬಿಯಂ ಜಾತಿಯವು ಇರಬಹುದು. ಅವೂ ಫೋಟೋಲಿಥೋಆಟೋಟ್ರೋಫ್. ಹೆಚ್ಚು ಸಲ್ಫೈಡ್ ತಡೆದುಕೊಳ್ಳುತ್ತವೆ, ಕಡಿಮೆ ಬೆಳಕು ಸಾಕು. ಅದಕ್ಕೆ ಇನ್ನೂ ಕೆಳಗಿನ ಜಾಗ.

ಬಾಟಲಿಯ ಪದರ ನೋಡಿ ಗಜನಿಯಲ್ಲೂ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ. ಬಾಟಲಿಗೆ ಬೆಳಕು ಪಕ್ಕದಿಂದ ಬೀಳುತ್ತದೆ. ಅದಕ್ಕೇ ಪಟ್ಟಿ ಇಷ್ಟು ಅಗಲ. ಅದೂ ಗಾಜಿಗೆ ಅಂಟಿದ ತೆಳು ಪೊರೆ ಅಷ್ಟೇ. ಕೆಸರಿನ ನಡುಭಾಗ ಪೂರ್ತಿ ಕಪ್ಪೇ ಇರುತ್ತದೆ. ಗಜನಿಯಲ್ಲೋ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬುಡದಲ್ಲೋ ಬೆಳಕು ಮೇಲಿನಿಂದ ಬೀಳುತ್ತದೆ, ಕೆಸರಿನೊಳಗೆ ಕೆಲವೇ ಮಿಲಿಮೀಟರ್ ಹೋಗುತ್ತದೆ. ಇಡೀ ಬಾಟಲಿಯ ಕಥೆ ಅಲ್ಲಿ ಅಷ್ಟು ದಪ್ಪದಲ್ಲೇ ಮುಗಿಯುತ್ತದೆ. ಮೇಲಿನ ಹಸಿರು ಪದರ ಕಣ್ಣಿಗೆ ಕಾಣುವ ಬೆಳಕನ್ನು ಬಹುಪಾಲು ನುಂಗಿದರೂ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ದಾಟಿ ಬರುತ್ತದೆ. ನೇರಳೆ ಬ್ಯಾಕ್ಟೀರಿಯಾದ ವರ್ಣಕಗಳು 800ರಿಂದ 900 ನ್ಯಾನೋಮೀಟರ್ ನಡುವಿನ ಬೆಳಕನ್ನು ಹಿಡಿಯಬಲ್ಲವು. ಹಸಿರು ಪದರದ ನೆರಳಲ್ಲೂ ಅವು ಬದುಕುವುದು ಹೀಗೆ.

ಇನ್ನು "ಇರಬಹುದು" ಎಂದು ಯಾಕೆ ಹೇಳಿದೆ ಎಂಬ ವಿಷಯ. ಎಲ್ಲ ನೇರಳೆಯೂ ಒಂದೇ ಅಲ್ಲ. ನೇರಳೆ ಗಂಧಕೇತರ ಬ್ಯಾಕ್ಟೀರಿಯಾ ಎಂಬ ಇನ್ನೊಂದು ಗುಂಪಿದೆ. ಇವು ಸಾಮಾನ್ಯವಾಗಿ ಸಲ್ಫೈಡ್ ಕಡಿಮೆ ಇರುವ, ಸ್ವಲ್ಪ ಮೇಲಿನ ಜಾಗದಲ್ಲಿ ಕೆಂಪು, ಕಂದು, ಕಿತ್ತಳೆ ಬಣ್ಣದಲ್ಲಿ ಬರುತ್ತವೆ. ಇವುಗಳ ಇಷ್ಟದ ಬದುಕು ಎಂದರೆ ಶಕ್ತಿಗೆ ಬೆಳಕು, ಇಂಗಾಲಕ್ಕೆ ಪಕ್ಕದವರು ಬಿಟ್ಟ ಅಸಿಟೇಟ್‌ನಂತಹ ಆಮ್ಲ. ಅಂದರೆ ಫೋಟೋಹೆಟಿರೋಟ್ರೋಫ್. ಬೆಳಕಲ್ಲಿ ಬದುಕುವುದೆಲ್ಲ ತನ್ನ ಆಹಾರ ತಾನೇ ಮಾಡುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಮುರಿಯುತ್ತದೆ.

ಈ ಗುಂಪಿನ ರೋಡೋಸ್ಯೂಡೋಮೊನಾಸ್ ಪಲುಸ್ಟ್ರಿಸ್ ಎಂಬುದಂತೂ ವರ್ಗೀಕರಣ ಮಾಡುವವರಿಗೆ ತಲೆನೋವು. ಬೆಳಕು ಇದ್ದು ಆಮ್ಲ ಸಿಕ್ಕರೆ ಫೋಟೋಹೆಟಿರೋಟ್ರೋಫ್. ಆಮ್ಲ ಇಲ್ಲದೆ ಹೈಡ್ರೋಜನ್ ಅಥವಾ ಥಯೋಸಲ್ಫೇಟ್ ಸಿಕ್ಕರೆ, ಬೆಳಕಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿದು ಫೋಟೋಆಟೋಟ್ರೋಫ್. ಕತ್ತಲಲ್ಲಿ ಆಮ್ಲಜನಕ ಸಿಕ್ಕರೆ ಸಾವಯವ ವಸ್ತು ತಿಂದು ನಮ್ಮ ಹಾಗೆ ಉಸಿರಾಡುತ್ತದೆ. ಕತ್ತಲಲ್ಲೇ ನಿರವಯವ ವಸ್ತುವಿನಿಂದಲೂ ಶಕ್ತಿ ತೆಗೆಯಬಲ್ಲದು. ಒಂದೇ ಜೀವಿ, ನಾಲ್ಕು ಹೆಸರು. ನನ್ನ ಅಭಿಪ್ರಾಯದಲ್ಲಿ ಈ ಹೆಸರುಗಳನ್ನು ಜಾತಿಯ ಹೆಸರಿನಂತೆ ಬಾಯಿಪಾಠ ಮಾಡಿಸುವುದೇ ತಪ್ಪು. ಆ ಹೊತ್ತಿಗೆ, ಆ ಜಾಗದಲ್ಲಿ ಅದು ಹೇಗೆ ಬದುಕುತ್ತಿದೆ ಎನ್ನುವುದನ್ನು ಹೇಳುವ ಹೆಸರು ಅದು. ಹಸಿರು ಗಂಧಕ ಬ್ಯಾಕ್ಟೀರಿಯಾದಂತೆ ದಾರಿ ಬದಲಿಸಲಾರದವೂ ಇವೆ, ಅವುಗಳಿಗೆ ಒಂದೇ ಹೆಸರು ಸಾಕು. ಅಷ್ಟಕ್ಕೂ ನಿಮ್ಮ ನೇರಳೆ ಗಂಧಕ ಬ್ಯಾಕ್ಟೀರಿಯಾಗಳಲ್ಲೂ ಹಲವು, ಅಸಿಟೇಟ್ ಸಿಕ್ಕಿದರೆ ಬಿಡುವುದಿಲ್ಲ. ಇಂಗಾಲದ ಡೈಆಕ್ಸೈಡ್ ಜೊತೆಗೆ ಅದನ್ನೂ ಮೈಗೆ ಸೇರಿಸಿಕೊಳ್ಳುತ್ತವೆ. ನೀವು ಹಾಕಿದ ಪೇಪರಿನಿಂದ ಅಸಿಟೇಟ್ ಧಾರಾಳವಾಗಿ ಬರುತ್ತಿದೆ. ಹಾಗಾಗಿ ನಿಮ್ಮ ಪಟ್ಟಿ ಶುದ್ಧ ಆಟೋಟ್ರೋಫ್ ಎಂದು ಪ್ರಮಾಣ ಮಾಡಲು ನಾನು ತಯಾರಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆರೆಯಲ್ಲಿ ಶೆಟ್ಲಿ, ಅಂದರೆ ಸೀಗಡಿ, ಸಾಕುವವರಿಗೆ ಮಾರುವ ಕೆಂಪು ದ್ರವದ ಬಾಟಲಿಗಳ ಮೇಲೆ ಪಿಎಸ್‌ಬಿ ಎಂದಿರುತ್ತದೆ. ಅದು ಬೆಳಕು ಬಳಸುವ ಬ್ಯಾಕ್ಟೀರಿಯಾ, ಹೆಚ್ಚಾಗಿ ಈ ಗಂಧಕೇತರ ಗುಂಪಿನದೇ. ಅಡಿಕೆ ತೋಟದವರು ತರುವ ಜೈವಿಕ ಗೊಬ್ಬರದ ಪಿಎಸ್‌ಬಿ ಬೇರೆ, ಅದು ರಂಜಕ ಕರಗಿಸುವ ಬ್ಯಾಕ್ಟೀರಿಯಾ. ಅದಕ್ಕೂ ಬೆಳಕಿಗೂ ಸಂಬಂಧವಿಲ್ಲ.

ನಿಮ್ಮದು ಯಾವುದು ಎಂದು ಪತ್ತೆ ಮಾಡುವುದು ಹೇಗೆ? ಬಣ್ಣ ಒಂದನ್ನೇ ನಂಬಬೇಡಿ. ತುಕ್ಕಿನ ಬಣ್ಣದ ಕಬ್ಬಿಣದ ಪದರವೂ ದೂರದಿಂದ ಕೆಂಪು ಪಟ್ಟಿಯಂತೆ ಕಾಣುತ್ತದೆ. ಉದ್ದ ಪಿಪೆಟ್‌ನಿಂದ ಪಟ್ಟಿಯ ಒಂದು ಹನಿ ತೆಗೆಯಿರಿ. ಬಾಟಲಿಗೆ ಕೆಲವು ಗಂಟೆ ಬೆಳಕು ಬಿದ್ದ ಮೇಲೆ, ಮಧ್ಯಾಹ್ನದ ಹೊತ್ತಿಗೆ ತೆಗೆದರೆ ಒಳ್ಳೆಯದು. ಎಣ್ಣೆ ಹಾಕಿ ನೋಡುವ 100ರ ಲೆನ್ಸ್‌ನಲ್ಲಿ, ಕಂಡೆನ್ಸರಿನ ಡಯಾಫ್ರಮ್ ಸ್ವಲ್ಪ ಮುಚ್ಚಿ ನೋಡಿ. ಕೋಶದ ಒಳಗೆ ಫಳಫಳ ಹೊಳೆಯುವ ಕಾಳುಗಳು ಕಂಡರೆ ಅದು ಗಂಧಕ. ಕ್ರೊಮಾಟಿಯಂ ಕಡೆಯವು ಗಂಧಕವನ್ನು ಮೈಯೊಳಗೆ ಕೂಡಿಡುತ್ತವೆ. ಸಲ್ಫೈಡ್ ಮುಗಿದಾಗ ಅದನ್ನೇ ಸಲ್ಫೇಟ್ ಮಾಡಿ ಅದರ ಎಲೆಕ್ಟ್ರಾನ್‌ಗಳನ್ನೂ ಬಳಸುತ್ತವೆ. ಹಾಗಾಗಿ ಕಾಳು ಕಾಣಲಿಲ್ಲ ಎಂದ ಮಾತ್ರಕ್ಕೆ ಗಂಧಕೇತರ ಎಂದು ಬರೆಯಬೇಡಿ, ಇನ್ನೊಂದು ದಿನ ಇನ್ನೊಂದು ಹನಿ ನೋಡಿ. ಕ್ಲೋರೋಬಿಯಂ ಗಂಧಕವನ್ನು ಕೋಶದ ಹೊರಗೆ ಬಿಡುತ್ತದೆ, ಅದೂ ಗೊತ್ತಿರಲಿ.

ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕು ಎಂದಿದ್ದರೆ ಹೊಸದಾಗಿ ಮೂರು ಬಾಟಲಿ ಮಾಡಿ. ಒಂದೇ ಕಡೆಯ ಕೆಸರು, ಅದೇ ಜಾಗದ ನೀರು. ಕಡ್ಡಿ, ಬಳಚಿನ ಚಿಪ್ಪು ಆರಿಸಿ ತೆಗೆಯಿರಿ. ಪೇಪರ್ ಚೂರು, ಒಂದು ಚಮಚ ಸೀಮೆಸುಣ್ಣದ ಪುಡಿ ಕಲಸಿ, ಗಾಳಿ ಗುಳ್ಳೆ ನಿಲ್ಲದಂತೆ ಕಡ್ಡಿಯಿಂದ ಒತ್ತುತ್ತಾ ಮುಕ್ಕಾಲು ಭಾಗ ತುಂಬಿ. ಮೇಲೆ ಎರಡು ಬೆರಳು ನೀರು, ಅದರ ಮೇಲೆ ಸ್ವಲ್ಪ ಖಾಲಿ ಜಾಗ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಮೊದಲನೆಯದು ಹಾಗೇ ಕಿಟಕಿಯಲ್ಲಿರಲಿ, ನೇರ ಬಿಸಿಲು ಬೇಡ. ಎರಡನೆಯದಕ್ಕೆ ಕಪ್ಪು ಕಾಗದ ಸುತ್ತಿ ಪಕ್ಕದಲ್ಲೇ ಇಡಿ. ಮೂರನೆಯದಕ್ಕೆ ಸೋಡಿಯಂ ಮಾಲಿಬ್ಡೇಟ್ ಬೆರೆಸಿ, ಲೀಟರ್ ನೀರಿಗೆ ಸುಮಾರು 4.8 ಗ್ರಾಂ ಲೆಕ್ಕದಲ್ಲಿ. ಕೆಸರು ಕಲಸುವ ನೀರಿಗೂ ಇದೇ ಲೆಕ್ಕ. ಮಾಲಿಬ್ಡೇಟ್ ರಚನೆಯಲ್ಲಿ ಸಲ್ಫೇಟ್‌ನಂತೆ ಕಾಣುವುದರಿಂದ ಡಿಸಲ್ಫೋವಿಬ್ರಿಯೋ ಮೋಸ ಹೋಗುತ್ತದೆ, ಅದರ ಉಸಿರಾಟ ನಿಲ್ಲುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಆಮೇಲೆ ಆ ಬಾಟಲಿಯನ್ನು ಹೊಳೆಗೆ ಚೆಲ್ಲಬೇಡಿ, ಲ್ಯಾಬಿನ ತ್ಯಾಜ್ಯದ ಜೊತೆ ಕೊಡಿ.

ಕತ್ತಲ ಬಾಟಲಿ ಕಪ್ಪಾಗುತ್ತದೆ, ಆದರೆ ನೇರಳೆ ಬರುವುದಿಲ್ಲ. ಹಾಗಾದರೆ ಶಕ್ತಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಮಾಲಿಬ್ಡೇಟ್ ಬಾಟಲಿ ಬೆಳಕಲ್ಲಿದ್ದೂ ಅದರಲ್ಲಿ ಕಪ್ಪು ಕಡಿಮೆ, ನೇರಳೆ ಇಲ್ಲವೇ ಇಲ್ಲ ಎಂದಾದರೆ ನಿಮ್ಮ ಪಟ್ಟಿ ಸಲ್ಫೈಡ್ ನಂಬಿ ಬದುಕುತ್ತಿತ್ತು ಎಂದಾಯಿತು, ಅಂದರೆ ಲಿಥೋಟ್ರೋಫ್. ಅಲ್ಲೂ ಕೆಂಪು ಬಂದರೆ ಗಂಧಕೇತರ ಗುಂಪಿನ ಮೇಲೆ ಅನುಮಾನ ಪಡಿ. ಈ ಮೂರನೇ ಬಾಟಲಿಯಲ್ಲಿ ಒಂದು ತೊಡಕಿದೆ. ಮೊದಲೇ ಕಪ್ಪಗಿದ್ದ ಕೆಸರು ಹಾಕಿದರೆ ಅದರಲ್ಲಿ ಹಳೆಯ ಸಲ್ಫೈಡ್ ಇದ್ದೇ ಇರುತ್ತದೆ, ಫಲಿತಾಂಶ ಕಲಸಿಹೋಗುತ್ತದೆ. ಅದಕ್ಕೆ ಮೇಲ್ಮೈಯ ಕಂದು ಕೆಸರನ್ನೇ ಕೆರೆದು ತನ್ನಿ. ಇಂಗಾಲದ ಪ್ರಶ್ನೆ ಮಾತ್ರ ಬಾಟಲಿಯಿಂದ ಬಗೆಹರಿಯುವುದಿಲ್ಲ. ಅದಕ್ಕೆ ಒಂದೇ ಜಾತಿಯನ್ನು ಬೇರ್ಪಡಿಸಿ, ಬೈಕಾರ್ಬನೇಟ್ ಬಿಟ್ಟರೆ ಬೇರೆ ಇಂಗಾಲವೇ ಇಲ್ಲದ ದ್ರವದಲ್ಲಿ ಬೆಳೆಸಬೇಕು. ಅದೂ ಒಂದು ಸಲವಲ್ಲ, ಸಾಲಾಗಿ ಹಲವು ಸಲ ಹೊಸ ದ್ರವಕ್ಕೆ ದಾಟಿಸಿ. ಮೊದಲ ಸಲ ಜೊತೆಗೆ ಬಂದ ಸಾವಯವ ಕಸದ ಮೇಲೇ ಬೆಳೆದು ಮೋಸ ಮಾಡುವುದು ಮಾಮೂಲು. ಇಲ್ಲದಿದ್ದರೆ ವಿಕಿರಣಶೀಲ ಇಂಗಾಲ-14 ಇರುವ ಬೈಕಾರ್ಬನೇಟ್ ಕೊಟ್ಟು ಅದು ಕೋಶದೊಳಗೆ ಸೇರಿತೇ ಎಂದು ಅಳೆಯಬೇಕು. ಅದು ಬಿಎಸ್ಸಿ ಲ್ಯಾಬಿನ ಕೆಲಸವಲ್ಲ.

ಕೊನೆಗೆ, ಬೆಳಕೇ ಬೇಡದ ಲಿಥೋಟ್ರೋಫ್‌ಗಳ ಬಗ್ಗೆ. ನಿಮ್ಮ ಕತ್ತಲ ಬಾಟಲಿಯಲ್ಲಿ ಕೆಸರು ಮತ್ತು ನೀರು ಸೇರುವ ಕಡೆ ಬಿಳಿ ಹತ್ತಿಯಂತಹ ಪೊರೆ ಬಂದರೆ ಎಸೆಯಬೇಡಿ. ಇಳಿತದ ಹೊತ್ತಿಗೆ ಕಾಂಡ್ಲಾ ನಡುವಿನ ಕೆಸರಿನ ಮೇಲೂ ಇಂಥದು ಕಾಣುವುದುಂಟು. ಅದು ಬೆಗ್ಗಿಯಾಟೋವಾ ಇರಬಹುದು. 1887ರಲ್ಲಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಸ್ಟ್ರಾಸ್‌ಬರ್ಗ್‌ನಲ್ಲಿ ಇದರ ಎಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಂಡು ನೋಡಿದರು. ಸಲ್ಫೈಡ್ ಇರುವ ನೀರು ಕೊಟ್ಟಾಗ ಒಳಗೆ ಗಂಧಕದ ಕಾಳು ತುಂಬಿದವು, ಸಲ್ಫೈಡ್ ನಿಲ್ಲಿಸಿದಾಗ ಕಾಳು ಕರಗಿ ಹೋದವು. ನಿರವಯವ ವಸ್ತುವನ್ನು ಉರಿಸಿ ಶಕ್ತಿ ತೆಗೆಯುವ ಜೀವಿ ಇದೆ ಎಂದು ಹೀಗೆ ಗೊತ್ತಾಯಿತು. ಆದರೆ ಅದು ಶಕ್ತಿಯ ಉತ್ತರ, ಇಂಗಾಲದ್ದಲ್ಲ. ಸಿಹಿನೀರಿನ ಬೆಗ್ಗಿಯಾಟೋವಾಗಳಲ್ಲಿ ಹಲವಕ್ಕೆ ಅಸಿಟೇಟ್‌ನಂತಹ ಸಾವಯವ ವಸ್ತು ಬೇಕು. ಉಪ್ಪುನೀರಿನ ಕೆಲವು ಮಾತ್ರ ಪಕ್ಕಾ ಆಟೋಟ್ರೋಫ್.

ಆ ಪೊರೆ ಬಲು ತೆಳುವಾಗಿರುವುದಕ್ಕೂ ಕಾರಣವಿದೆ. ಅದಕ್ಕೆ ಕೆಳಗಿನ ಸಲ್ಫೈಡೂ ಬೇಕು, ಮೇಲಿನ ಆಮ್ಲಜನಕವೂ ಬೇಕು. ಇವೆರಡು ಸೇರಿದರೆ ಬ್ಯಾಕ್ಟೀರಿಯಾ ಇಲ್ಲದೆಯೂ ತಮ್ಮಷ್ಟಕ್ಕೆ ಕೂಡಿ ಮುಗಿದುಹೋಗುತ್ತವೆ. ಹಾಗಾಗಿ ಎರಡೂ ಚೂರುಚೂರು ಇರುವ ಗಡಿಯಲ್ಲೇ ಅದು ನಿಲ್ಲಬೇಕು. ಬೆಳಕಿನ ಬಾಟಲಿಯಲ್ಲಿ ಹಗಲು ಪಾಚಿ ಆಮ್ಲಜನಕ ಮಾಡುತ್ತದೆ, ಗಡಿ ಕೆಳಗಿಳಿಯುತ್ತದೆ. ರಾತ್ರಿ ಅದು ಮೇಲೇರುತ್ತದೆ. ಬೆಗ್ಗಿಯಾಟೋವಾ ತೆವಳಿಕೊಂಡು ಅದರ ಹಿಂದೆಯೇ ಹೋಗುತ್ತದೆ. ಬೆಳಕಿನ ಬಾಟಲಿಯಲ್ಲಿ ಬೆಳಿಗ್ಗೆ ಬೇಗ ಒಮ್ಮೆ, ಸಂಜೆ ಒಮ್ಮೆ ಪೊರೆಯ ಎತ್ತರಕ್ಕೆ ಗಾಜಿನ ಮೇಲೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ನೋಡಿ. ಪೊರೆ ಜಾಗ ಬದಲಿಸುತ್ತಿದ್ದರೆ ಒಂದು ಹನಿ ತೆಗೆದು ಸ್ಲೈಡಿಗೆ ಹಾಕಿ. ಗಂಧಕದ ಕಾಳು ತುಂಬಿದ ಉದ್ದನೆಯ ಎಳೆಗಳು ನಿಧಾನಕ್ಕೆ ಜಾರುತ್ತಿದ್ದರೆ ಬೆಗ್ಗಿಯಾಟೋವಾ ಎಂದೇ ಬರೆದುಕೊಳ್ಳಬಹುದು.